ವರ್ಷದ ಕೊನೆಯ ಕ್ಯಾರಸೆಲ್: ಒಂದು ತಪ್ಪು, ಎಂಟು ಸ್ಲೈಡು

ಡಿಸೆಂಬರ್ ಬಂತೆಂದರೆ ಲಿಂಕ್ಡ್‌ಇನ್ ತುಂಬ ವರ್ಷದ ಲೆಕ್ಕ ಶುರುವಾಗುತ್ತದೆ. ಪ್ರಮೋಷನ್ ಸಿಕ್ಕಿದ್ದು, ಹೊಸ ಕೆಲಸ ಹಿಡಿದಿದ್ದು, ಎಷ್ಟು ಊರು ಸುತ್ತಿದ್ದು, ಎಷ್ಟು ಜನ ಫಾಲೋ ಮಾಡಿದ್ದು. ಏಳೆಂಟು ಸ್ಲೈಡು ಸರಿಸಿದ ಮೇಲೆ ಕೊನೆಯಲ್ಲಿ ಒಂದು ಸಾಲು ಬರುತ್ತದೆ: "ಸೋಲುಗಳಿಂದ ತುಂಬಾ ಕಲಿತೆ." ಯಾವ ಸೋಲು, ಏನಾಯ್ತು, ಯಾರಿಗೆ ತೊಂದರೆಯಾಯ್ತು ಅನ್ನೋದು ಮಾತ್ರ ಎಲ್ಲೂ ಇರುವುದಿಲ್ಲ. ಓದಿದವರ ಕೈಗೆ ಏನೂ ಸಿಗುವುದಿಲ್ಲ.

ನಾನು ಆರು ಜನರ ಒಂದು ಟೀಮ್ ನಡೆಸುತ್ತೇನೆ. ಕಳೆದ ವರ್ಷದ ಕೊನೆಯಲ್ಲಿ ನನ್ನದೇ ಒಂದು ತಪ್ಪಿನ ಬಗ್ಗೆ ಎಂಟು ಸ್ಲೈಡಿನ ಕ್ಯಾರಸೆಲ್ ಮಾಡಿದೆ. ಅದಕ್ಕೆ ಮೂರು ಸಂಜೆ ಹಿಡಿಯಿತು, ಅದರಲ್ಲಿ ಡಿಸೈನ್‌ಗೆ ಹೋಗಿದ್ದು ಒಂದೇ ಸಂಜೆ. ಉಳಿದ ಎರಡರಲ್ಲಿ ಏನು ಮಾಡಿದೆ ಅನ್ನೋದೇ ಈ ಲೇಖನದ ಮುಖ್ಯ ವಿಷಯ. ಹಾಗಾಗಿ ಹೇಗೆ ಮಾಡಬೇಕು ಅಂತ ಹೇಳುತ್ತಾ ನನ್ನ ಕತೆಯನ್ನೇ ಉದಾಹರಣೆಯಾಗಿ ಕೊಡುತ್ತಾ ಹೋಗುತ್ತೇನೆ.

ಮೊದಲು ನೆನಪನ್ನು ನಂಬಬೇಡಿ, ಕ್ಯಾಲೆಂಡರ್ ತೆಗೆಯಿರಿ

ಖಾಲಿ ಸ್ಲೈಡ್ ಮುಂದೆ ಕೂತು "ಈ ವರ್ಷ ಏನು ಕಲಿತೆ" ಅಂತ ಯೋಚಿಸಿದರೆ ಬರೋದು ಎರಡೇ. ಒಂದು, ಕಳೆದ ಎರಡು ಮೂರು ತಿಂಗಳಲ್ಲಿ ನಡೆದಿದ್ದು. ಇನ್ನೊಂದು, ಈಗಾಗಲೇ ನಾಲ್ಕು ಜನಕ್ಕೆ ಹೇಳಿ ಹೇಳಿ ನಯವಾಗಿರುವ ಕತೆ. ಫೆಬ್ರವರಿಯಲ್ಲಿ ಏನಾಯ್ತು ಅಂತ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ.

ಅದಕ್ಕೆ ಒಂದು ಗಂಟೆ ಎತ್ತಿಟ್ಟುಕೊಂಡು ಜನವರಿಯಿಂದ ಕ್ಯಾಲೆಂಡರನ್ನು ವಾರ ವಾರ ನೋಡುತ್ತಾ ಬನ್ನಿ. ನಡೆದಿದ್ದಕ್ಕಿಂತ ನಡೆಯದೇ ಹೋಗಿದ್ದರ ಮೇಲೆ ಜಾಸ್ತಿ ಗಮನ ಇರಲಿ. ರದ್ದಾದ ಮೀಟಿಂಗ್ ಎಷ್ಟೋ ಸಲ ಕ್ಯಾಲೆಂಡರಿನಿಂದಲೇ ಮಾಯವಾಗಿರುತ್ತದೆ. ಔಟ್‌ಲುಕ್ ಬಳಸುವವರು ಕಳಿಸಿದ ಮೇಲ್‌ಗಳ ಫೋಲ್ಡರಿನಲ್ಲಿ `Canceled` ಅಂತ ಹುಡುಕಿ. ನೀವು ರದ್ದು ಮಾಡಿದ ಮೀಟಿಂಗ್‌ಗಳ ಸೂಚನೆ ಅಲ್ಲಿ ಉಳಿದಿರುತ್ತದೆ. ಆಫೀಸ್ ಚಾಟ್‌ನಲ್ಲಿ "ಮುಂದಿನ ವಾರ", "ಸಾರಿ", "ತಡವಾಯ್ತು" ಅಂತ ನೀವು ಬಳಸುವ ಪದಗಳನ್ನೇ ಹುಡುಕಿ. ಬೇಜಾರಾಗುತ್ತದೆ, ನಿಜ. ಆದರೆ ಕತೆ ಇರುವುದು ಅಲ್ಲೇ.

ನನಗೆ ಸಿಕ್ಕಿದ್ದು ಇದು. ಟೀಮಿನ ಪ್ರತಿಯೊಬ್ಬರ ಜೊತೆ ಎರಡು ವಾರಕ್ಕೊಮ್ಮೆ ಇಬ್ಬರೇ ಕೂತು ಮಾತಾಡುವ ಮೀಟಿಂಗ್ ಇಟ್ಟಿದ್ದೆ, ವನ್ ಆನ್ ವನ್ ಅಂತೀವಲ್ಲ, ಅದು. ಸೆಪ್ಟೆಂಬರ್ ಕೊನೆಯಲ್ಲಿ ಟೀಮಿನ ಒಬ್ಬರು ಕೆಲಸ ಬಿಟ್ಟರು. ಅವರ ಜೊತೆ ಜನವರಿಯಿಂದ ಅಲ್ಲಿವರೆಗೆ 19 ಮೀಟಿಂಗ್ ಆಗಬೇಕಿತ್ತು. ಆಗಿದ್ದು 8. "ನಾನು 11 ಸಲ ರದ್ದು ಮಾಡಿದೆ" ಅಂತ ಬರೆದುಕೊಂಡೆ. ಆಮೇಲೆ ಒಂದೊಂದೇ ತೆರೆದು ನೋಡಿದರೆ ಎರಡು ಸಲ ಅವರೇ ರಜೆಯಲ್ಲಿದ್ದರು. ಅಂದರೆ ನನ್ನ ಲೆಕ್ಕ 9. ಹನ್ನೊಂದು ಅಂತ ಹಾಕಿದ್ದರೆ ಕವರ್ ಸ್ಲೈಡ್ ಇನ್ನೂ ಜೋರಾಗಿರುತ್ತಿತ್ತು, ಆದರೆ ಅದು ಸುಳ್ಳು. ತಪ್ಪನ್ನು ದೊಡ್ಡದು ಮಾಡಿ ತೋರಿಸುವುದೂ ಒಂದು ತರಹದ ಪ್ರದರ್ಶನವೇ ಅಲ್ವಾ?

ಅಲ್ಲಿಗೆ ನಿಲ್ಲಿಸದೆ ಉಳಿದ ಐದು ಜನರ ಲೆಕ್ಕವನ್ನೂ ತೆಗೆದೆ. ನಿಜವಾದ ಪಾಠ ಕಂಡಿದ್ದು ಆಗಲೇ. ಟೀಮಿನಲ್ಲಿ ಒಬ್ಬರು ಏನಾದರೂ ಸರಿಯಿಲ್ಲ ಅಂದರೆ ತಕ್ಷಣ ಜೋರಾಗಿ ಹೇಳುವವರು. ಅವರ ಜೊತೆಗಿನ ಮೀಟಿಂಗ್ ನಾನು ಒಂದೂ ರದ್ದು ಮಾಡಿರಲಿಲ್ಲ. ರದ್ದಾಗಿದ್ದೆಲ್ಲ "ಪರವಾಗಿಲ್ಲ, ಆಮೇಲೆ ಮಾತಾಡೋಣ" ಅನ್ನುವವರದ್ದು. ಕೆಲಸ ಬಿಟ್ಟವರೂ ಅಂಥವರೇ. ನನ್ನ ಸಮಯ ಗಲಾಟೆ ಮಾಡುವವರಿಗೆ ಹೋಗುತ್ತಿತ್ತು. ಅದು ನನ್ನ ಅರಿವಿಗೇ ಬಂದಿರಲಿಲ್ಲ.

ಒಂದನ್ನೇ ಆರಿಸಿ

ಪಟ್ಟಿಯಲ್ಲಿ ಐದಾರು ವಿಷಯ ಸಿಕ್ಕೇ ಸಿಗುತ್ತವೆ. ಎಲ್ಲವನ್ನೂ ಹಾಕಿದರೆ ಪ್ರತಿಯೊಂದಕ್ಕೂ ಒಂದು ಸ್ಲೈಡ್ ಬರುತ್ತದೆ, ಒಂದು ಸ್ಲೈಡಿನಲ್ಲಿ ಹಿಡಿಸುವುದು ಗಾದೆ ಮಾತಿನಂಥ ಒಂದು ಸಾಲು ಅಷ್ಟೇ. "ಹತ್ತು ಪಾಠಗಳು" ಅನ್ನುವ ಕ್ಯಾರಸೆಲ್‌ಗಳು ಸಪ್ಪೆಯಾಗಿರುವುದು ಇದಕ್ಕೇ.

ಆರಿಸುವಾಗ ನಾನು ನೋಡಿಕೊಂಡಿದ್ದು ಮೂರು. ಇದರಲ್ಲಿ ನಾನು ಮಾಡಿದ ಒಂದು ಕೆಲಸ, ಅಥವಾ ಮಾಡದೇ ಬಿಟ್ಟ ಕೆಲಸ ಇದೆಯಾ? ಎಣಿಸಿ ತೋರಿಸಬಹುದಾದ್ದು ಏನಾದರೂ ಇದೆಯಾ? ಇದರಿಂದ ನಾನು ಈಗಾಗಲೇ ಏನಾದರೂ ಬದಲಾಯಿಸಿದ್ದೇನಾ? ಮೂರನೆಯದಕ್ಕೆ ಉತ್ತರ ಇಲ್ಲ ಅಂದರೆ ಆ ವಿಷಯವನ್ನು ಬಿಟ್ಟುಬಿಡಿ. ಇನ್ನೂ ಹಸಿಯಾಗಿರುವ ಗಾಯವನ್ನು ಸಾವಿರ ಜನರ ಮುಂದೆ ಬಿಚ್ಚಬೇಕಿಲ್ಲ. ಮ್ಯಾನೇಜರ್ ಮೇಲಿನ ಸಿಟ್ಟು, ಇನ್ನೂ ಮುಗಿಯದ ಜಗಳ, ನಿಮ್ಮ ಅಥವಾ ಮನೆಯವರ ಕಾಯಿಲೆ, ಇವು ಸ್ನೇಹಿತರ ಹತ್ತಿರ ಹೇಳಿಕೊಳ್ಳುವಂಥವು.

ನಾಲ್ಕು ಪ್ರಶ್ನೆಗೆ ಉತ್ತರ ಬರೆಯಿರಿ

ಅಮೆರಿಕದ ಸೇನೆ 1970ರ ದಶಕದಿಂದ ಒಂದು ಪದ್ಧತಿ ಬಳಸುತ್ತಾ ಬಂದಿದೆ, ಅದಕ್ಕೆ ಆಫ್ಟರ್ ಆಕ್ಷನ್ ರಿವ್ಯೂ ಅನ್ನುತ್ತಾರೆ. ಈಗ ಸಾಫ್ಟ್‌ವೇರ್ ಕಂಪನಿಗಳಲ್ಲೂ ಅದೇ ತರಹದ್ದು ನಡೆಯುತ್ತದೆ. ಏನಾಗಬೇಕಿತ್ತು, ಏನಾಯ್ತು, ಏಕೆ ಹಾಗಾಯ್ತು, ಮುಂದೆ ಏನು ಮಾಡ್ತೀವಿ. ಸ್ಲೈಡ್ ಯೋಚನೆಯನ್ನು ಪಕ್ಕಕ್ಕಿಟ್ಟು ಒಂದು ಹಾಳೆಯಲ್ಲಿ ಈ ನಾಲ್ಕಕ್ಕೂ ನೇರವಾಗಿ ಉತ್ತರ ಬರೆಯಿರಿ.

ಕಷ್ಟ ಬರುವುದು ಮೂರನೆಯದರಲ್ಲಿ. ನಾನು ಮೊದಲು ಬರೆದಿದ್ದು ಹೀಗಿತ್ತು: "ನಾನು ಮೀಟಿಂಗ್ ರದ್ದು ಮಾಡಿದ್ದರಿಂದ ಅವರು ಕೆಲಸ ಬಿಟ್ಟರು. ಅವರು ಬೇಸರದಲ್ಲಿದ್ದಾರೆ ಅಂತ ಮಾರ್ಚ್‌ನಲ್ಲೇ ನನಗೆ ಅನ್ನಿಸಿತ್ತು." ಓದಿಕೊಂಡಾಗ ಎರಡು ವಾಕ್ಯವೂ ನಿಜವಲ್ಲ ಅಂತ ಗೊತ್ತಾಯ್ತು. ಅವರು ಬಿಟ್ಟಿದ್ದು ಬೇರೆ ತರಹದ ಕೆಲಸ ಸಿಕ್ಕಿದ್ದಕ್ಕೆ, ಹಾಗಂತ ಅವರೇ ಹೇಳಿದ್ದರು. ಮಾರ್ಚ್‌ನಲ್ಲಿ ನನಗೆ ಏನೂ ಅನ್ನಿಸಿರಲಿಲ್ಲ. ಆ ತಿಂಗಳ ನನ್ನ ಟಿಪ್ಪಣಿ ತೆಗೆದು ನೋಡಿದರೆ ಅವರ ಹೆಸರಿನ ಮುಂದೆ "ಎಲ್ಲ ಚೆನ್ನಾಗಿದೆ" ಅಂತ ಇತ್ತು.

ಕೊನೆ ಗೊತ್ತಾದ ಮೇಲೆ ಮೊದಲೇ ಗೊತ್ತಿತ್ತು ಅನ್ನಿಸುವುದು ಎಲ್ಲರಿಗೂ ಆಗುತ್ತದೆ. ಬರೂಕ್ ಫಿಶ್‌ಹಾಫ್ ಅನ್ನುವ ಮನಶ್ಶಾಸ್ತ್ರಜ್ಞರು 1975ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದನ್ನೇ ತೋರಿಸಿದರು. ಹಳೆಯ ಒಂದು ಯುದ್ಧದ ವಿವರ ಕೊಟ್ಟು ಯಾರು ಗೆದ್ದರು ಅಂತ ಹೇಳಿಬಿಟ್ಟರೆ, ಆ ಉತ್ತರ ಗೊತ್ತಿಲ್ಲದವರ ಹಾಗೆ ಯೋಚಿಸಿ ಅಂದರೂ ಜನರಿಗೆ ಆಗುತ್ತಿರಲಿಲ್ಲ. ಹಾಗಾಗಿ "ಆಗ ನನಗೆ ಗೊತ್ತಿದ್ದಿದ್ದು ಏನು" ಅನ್ನುವುದನ್ನು ಆ ಸಮಯದ ಮೇಲ್, ಟಿಪ್ಪಣಿ ನೋಡಿಯೇ ಬರೆಯಿರಿ. ಕಾರಣ ಖಚಿತ ಇಲ್ಲ ಅಂದರೆ ಹಾಗೆಯೇ ಹೇಳಿ.

ಸ್ಲೈಡಿನ ಮಾತು

ಈಗ ಆ ಹಾಳೆಯನ್ನು ಎಂಟು ಭಾಗ ಮಾಡಿ. ಒಂದು ಸ್ಲೈಡಿಗೆ ಒಂದೇ ವಿಷಯ, 25ರಿಂದ 30 ಪದ ಸಾಕು. ಒಂದು ಸ್ಲೈಡ್ ಓದಿದವರಿಗೆ ಒಂದು ಪ್ರಶ್ನೆ ಹುಟ್ಟಬೇಕು, ಅದಕ್ಕೆ ಉತ್ತರ ಮುಂದಿನದರಲ್ಲಿ ಸಿಗಬೇಕು. ಸರಿಸುವಂತೆ ಮಾಡುವುದು ಅದೇ, ಬಾಣದ ಗುರುತು ಹಾಕಿದ ಮಾತ್ರಕ್ಕೆ ಯಾರೂ ಮುಂದೆ ಹೋಗುವುದಿಲ್ಲ. ನನ್ನದು ಹೀಗೆ ಬಂತು:

> 1. ಈ ವರ್ಷ ಒಬ್ಬರಿಗೆ ನಾನು 9 ಸಲ ಹೇಳಿದೆ: "ಇವತ್ತು ಬೇಡ, ಮುಂದಿನ ವಾರ ಮಾತಾಡೋಣ."
>
> 2. ಅವರು ನನ್ನ ಟೀಮಿನಲ್ಲಿದ್ದರು. ಎರಡು ವಾರಕ್ಕೊಮ್ಮೆ ಮಾತಾಡಬೇಕು ಅಂತ ನಾನೇ ಮೀಟಿಂಗ್ ಇಟ್ಟಿದ್ದೆ. 19 ಆಗಬೇಕಿತ್ತು. 8 ಆಯಿತು.
>
> 3. ಪ್ರತಿ ಸಲವೂ ಕಾರಣ ಇತ್ತು. ಕ್ಲೈಂಟ್ ಕಾಲ್, ರಿಲೀಸ್, ಇನ್ನೊಂದು ಮೀಟಿಂಗ್. ಅವರು ಪ್ರತಿ ಸಲವೂ "ಪರವಾಗಿಲ್ಲ" ಅಂದರು.
>
> 4. ಅವರು ಕೆಲಸ ಬಿಡುತ್ತೇನೆ ಅಂದ ದಿನ ನನಗೆ ಆಶ್ಚರ್ಯವಾಯ್ತು. ಆಶ್ಚರ್ಯವಾಗಿದ್ದೇ ನನ್ನ ತಪ್ಪು.
>
> 5. ಕ್ಯಾಲೆಂಡರ್ ನೋಡಿದೆ. ಜೋರಾಗಿ ಮಾತಾಡುವವರ ಮೀಟಿಂಗ್ ಒಂದೂ ರದ್ದಾಗಿರಲಿಲ್ಲ. ದೂರು ಹೇಳದವರದ್ದೇ ರದ್ದಾಗಿತ್ತು.
>
> 6. ಆಮೇಲೆ ಅವರನ್ನು ಕೇಳಿದೆ. ಅವರು ಹೇಳಿದ್ದು ಇದು…
>
> 7. ಬದಲಾಯಿಸಿದ್ದು: ಶುಕ್ರವಾರ ಸಂಜೆಯ ಮೀಟಿಂಗ್ ಮಂಗಳವಾರ ಬೆಳಿಗ್ಗೆಗೆ ಬಂತು. ಮುಂದೂಡಬಹುದು, ಆದರೆ ಅದೇ ವಾರದಲ್ಲಿ ಆಗಬೇಕು.
>
> 8. ಅಕ್ಟೋಬರ್‌ನಿಂದ 25 ಮೀಟಿಂಗ್ ಆಗಬೇಕಿತ್ತು. 23 ಆಗಿವೆ. ಇನ್ನೂ ಮೂರು ತಿಂಗಳೂ ತುಂಬಿಲ್ಲ.

ಎಂಟನೆಯದರಲ್ಲಿ ಮೊದಲು "ಈಗ ನನ್ನ ಟೀಮ್ ಹಿಂದೆಂದಿಗಿಂತ ಖುಷಿಯಾಗಿದೆ" ಅಂತ ಇತ್ತು. ಅದನ್ನು ನಾನು ಯಾರನ್ನೂ ಕೇಳಿರಲಿಲ್ಲ, ತೆಗೆದೆ. ನಾಲ್ಕನೆಯದರ ಬಗ್ಗೆಯೂ ಒಂದು ಮಾತು. "ಒಬ್ಬ ಒಳ್ಳೆಯ ಎಂಜಿನಿಯರ್‌ನ ಕಳೆದುಕೊಂಡೆ" ಅಂತ ಬರೆಯುವ ಮನಸ್ಸಾಗಿತ್ತು. ಹಾಗೆ ಬರೆದರೆ ಕತೆಯಲ್ಲಿ ನಷ್ಟವಾಗಿದ್ದು ನನಗೆ ಅಂತಾಗುತ್ತದೆ. ಒಂಬತ್ತು ತಿಂಗಳು ಮಾತಾಡಲು ಕಾದಿದ್ದು ಅವರು.

ಬಡಾಯಿ ಎಲ್ಲಿ ಅಡಗಿದೆ ಅಂತ ಹುಡುಕಿ

ಬರೆದು ಒಂದು ರಾತ್ರಿ ಬಿಟ್ಟು ಮತ್ತೆ ಓದಿ. ನೇರವಾದ ಬಡಾಯಿ ಕಣ್ಣಿಗೆ ಬೀಳುತ್ತದೆ. ಕಷ್ಟ ಕೊಡುವುದು ತಪ್ಪೊಪ್ಪಿಗೆಯ ಬಟ್ಟೆ ಹಾಕಿಕೊಂಡು ಬರುವ ಬಡಾಯಿ. ನನ್ನ ಮೂರನೆಯ ಸ್ಲೈಡ್ ಮೊದಲು ಹೀಗಿತ್ತು: "ಈ ವರ್ಷ ಎರಡು ದೊಡ್ಡ ಪ್ರಾಜೆಕ್ಟ್ ಒಟ್ಟಿಗೆ ನಡೆಸುತ್ತಿದ್ದೆ, ದಿನಕ್ಕೆ ಹನ್ನೆರಡು ಗಂಟೆ ಕೆಲಸ ಮಾಡುತ್ತಿದ್ದೆ, ಹಾಗಾಗಿ ಮೀಟಿಂಗ್‌ಗಳು ಹಾರಿಹೋದವು." ಇದರಲ್ಲಿ ತಪ್ಪು ಕಾಣುವುದೇ ಇಲ್ಲ, ಕಾಣುವುದು ನಾನು ಎಷ್ಟು ಮುಖ್ಯ ಮನುಷ್ಯ ಅನ್ನೋದು.

ಪತ್ತೆ ಮಾಡಲು ಸುಲಭದ ದಾರಿ ಒಂದಿದೆ. ತಪ್ಪನ್ನು ಹೇಳುವ ವಾಕ್ಯ ತೆಗೆದುಕೊಳ್ಳಿ, ಅದನ್ನು ನಿಮ್ಮ ಬಯೋಡೇಟಾದಲ್ಲಿ ಹಾಗೇ ಹಾಕಬಹುದಾ ಅಂತ ನೋಡಿ. "ಎಲ್ಲವನ್ನೂ ಪರ್ಫೆಕ್ಟ್ ಆಗಿ ಮಾಡಬೇಕು ಅಂತ ಹೋಗಿ ಸುಸ್ತಾದೆ" ಅನ್ನುವುದನ್ನು ಹಾಕಬಹುದು. "9 ಸಲ ರದ್ದು ಮಾಡಿದೆ" ಅನ್ನುವುದನ್ನು ಹಾಕಲು ಆಗುವುದಿಲ್ಲ. ಎರಡನೆಯದು ನಿಜವಾದ ತಪ್ಪು.

ಕ್ರಿಯಾಪದಗಳನ್ನೂ ನೋಡಿ. ಕನ್ನಡದಲ್ಲಿ ಜಾರಿಕೊಳ್ಳುವುದು ಬಲು ಸುಲಭ. "ಮೀಟಿಂಗ್ ರದ್ದಾಯ್ತು", "ಸಂಪರ್ಕ ತಪ್ಪಿಹೋಯ್ತು", "ಸಮಯ ಆಗಲಿಲ್ಲ", ಎಲ್ಲ ತಾವಾಗಿಯೇ ಆಗಿಬಿಟ್ಟವು. ಮಾಡಿದವರು ಯಾರೂ ಇಲ್ಲ. ಇವನ್ನೆಲ್ಲ "ರದ್ದು ಮಾಡಿದೆ", "ಮಾತಾಡಲಿಲ್ಲ", "ಸಮಯ ಕೊಡಲಿಲ್ಲ" ಅಂತ ತಿದ್ದಿ. ಹಾಗಂತ "ನಾನೊಬ್ಬ ಕೆಟ್ಟ ಲೀಡರ್" ಅಂತಲೂ ಬೇಡ. ಅದನ್ನು ಓದಿದವರು ನಿಮ್ಮನ್ನು ಸಮಾಧಾನ ಮಾಡಲು ಬರುತ್ತಾರೆ, ವಿಷಯ ಅಲ್ಲಿಗೆ ಮುಗಿಯುತ್ತದೆ.

ಕತೆಯಲ್ಲಿರುವ ಇನ್ನೊಬ್ಬರನ್ನು ಕೇಳಿ

ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಹೆಸರು ಹಾಕಿಲ್ಲ ಅಂದ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ. ನನ್ನ ಟೀಮ್ ಆರು ಜನರದ್ದು, ಆ ವರ್ಷ ಬಿಟ್ಟವರು ಒಬ್ಬರೇ. ನಮ್ಮ ಆಫೀಸಿನ ಯಾರಿಗೇ ಆದರೂ ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ, ಅವರ ಹೊಸ ಆಫೀಸಿನವರಿಗೂ ಗೊತ್ತಾಗಬಹುದು.

ಅವರಿಗೆ ಪೂರ್ತಿ ಮಾತನ್ನು ಕಳಿಸಿದೆ. "ಏನೋ ಒಂದು ಪೋಸ್ಟ್ ಹಾಕ್ತಿದ್ದೀನಿ, ಪರವಾಗಿಲ್ವಾ" ಅಂತ ಕೇಳಿದ್ದರೆ ಅದಕ್ಕೂ ಅವರು "ಪರವಾಗಿಲ್ಲ" ಅಂತಲೇ ಹೇಳುತ್ತಿದ್ದರು. ಅದಕ್ಕೇ ಹೀಗೆ ಬರೆದೆ: "ಇದರಲ್ಲಿ ನೀವಿದ್ದೀರಿ. ಬೇಡ ಅಂದರೆ ಹಾಕುವುದಿಲ್ಲ, ಕಾರಣ ಹೇಳಬೇಕಾಗಿಲ್ಲ. ಯಾವ ಸಾಲು ತೆಗೆಯಬೇಕು ಅಂದರೂ ತೆಗೆಯುತ್ತೇನೆ. ಒಂದು ವಾರ ಟೈಮ್ ತಗೊಳ್ಳಿ."

ನಾಲ್ಕು ದಿನ ಬಿಟ್ಟು ಉತ್ತರ ಬಂತು. ಬಿಟ್ಟ ತಿಂಗಳು ತೆಗೆಯಿರಿ ಅಂದರು, ಅದಕ್ಕೇ ಸ್ಲೈಡಿನಲ್ಲಿ ಸೆಪ್ಟೆಂಬರ್ ಇಲ್ಲ. ಅದನ್ನು ಇಲ್ಲಿ ಬರೆಯಲು ಆಮೇಲೆ ಬೇರೆಯಾಗಿ ಒಪ್ಪಿಗೆ ಕೇಳಿದೆ. ಆ ಉತ್ತರದ ಕೊನೆಗೆ ಅವರು ಇನ್ನೆರಡು ಸಾಲು ಬರೆದಿದ್ದರು: "ನಾನು ಬಿಟ್ಟಿದ್ದು ಅದಕ್ಕಲ್ಲ. ಆದ್ರೆ ಆ ಮೀಟಿಂಗ್‌ಗಳು ನಡೆದಿದ್ರೆ, ಹುಡುಕ್ತಿದ್ದೀನಿ ಅಂತ ಎರಡು ತಿಂಗಳು ಮುಂಚೆನೇ ನಿಮಗೆ ಹೇಳ್ತಿದ್ದೆ."

ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. ಕೇಳಿಕೊಂಡು ಅದನ್ನೇ ಆರನೆಯ ಸ್ಲೈಡಿಗೆ ಹಾಕಿದೆ. ಅಲ್ಲಿ ಮೊದಲು ನಾನು ಬರೆದಿದ್ದ "ಕೇಳಿಸಿಕೊಳ್ಳುವುದು ಎಷ್ಟು ಮುಖ್ಯ" ಅನ್ನುವ ಮಾತು ಇದರ ಮುಂದೆ ಏನೂ ಅಲ್ಲ.

ಅವರು ಬೇಡ ಅಂದಿದ್ದರೆ? ಬೇರೆ ಕತೆ ಹುಡುಕಬೇಕಿತ್ತು, ಅಷ್ಟೇ. ವಿವರ ಅದಲು ಬದಲು ಮಾಡಿ ಅದನ್ನೇ ಹಾಕುವುದು ತಪ್ಪು.

ಇದೇ ಹೊತ್ತಿಗೆ ಕಂಪನಿಯ ಸೋಷಿಯಲ್ ಮೀಡಿಯಾ ನಿಯಮವನ್ನೂ ಒಮ್ಮೆ ಓದಿ. ಕ್ಲೈಂಟ್ ಹೆಸರು, ಪ್ರಾಜೆಕ್ಟ್ ಹೆಸರು, ಆದಾಯದ ಅಂಕಿ ಯಾವುದೂ ಬೇಡ. ಕ್ಯಾಲೆಂಡರಿನ ಸ್ಕ್ರೀನ್‌ಶಾಟ್ ಹಾಕಿದರೆ ಚೆನ್ನಾಗಿರುತ್ತದೆ ಅನ್ನಿಸುತ್ತದೆ. ಮಸುಕು ಮಾಡಿದರೂ ಮೀಟಿಂಗ್ ಹೆಸರೋ ಯಾರದೋ ಫೋಟೋನೋ ಒಂದು ಮೂಲೆಯಲ್ಲಿ ಉಳಿದಿರುತ್ತದೆ. ನಿಮ್ಮ ಮ್ಯಾನೇಜರ್‌ಗೆ ಮೊದಲೇ ಒಂದು ಮಾತು ಹೇಳಿಡಿ.

ಪಿಡಿಎಫ್ ಮಾಡುವುದು

ಲಿಂಕ್ಡ್‌ಇನ್‌ನಲ್ಲಿ ಈಗ ಕ್ಯಾರಸೆಲ್ ಅಂದರೆ ಡಾಕ್ಯುಮೆಂಟ್ ಪೋಸ್ಟ್. ಪ್ರೆಸೆಂಟೇಷನ್ ಮಾಡುವ ಯಾವುದೇ ಸಾಫ್ಟ್‌ವೇರ್ ಸಾಕು, ಪುಟದ ಅಳತೆ 1080 × 1350 ಪಿಕ್ಸೆಲ್ ಇಟ್ಟು ಪಿಡಿಎಫ್ ಆಗಿ ಉಳಿಸಿಕೊಳ್ಳಿ. ಉದ್ದವಾದ ಸ್ಲೈಡ್ ಮೊಬೈಲ್ ಪರದೆಯಲ್ಲಿ ಜಾಸ್ತಿ ಜಾಗ ಹಿಡಿಯುತ್ತದೆ.

ಅಕ್ಷರದ ಗಾತ್ರದಲ್ಲಿ ಎಲ್ಲರೂ ಎಡವುತ್ತಾರೆ. ಕಂಪ್ಯೂಟರಿನಲ್ಲಿ ದೊಡ್ಡದಾಗಿ ಕಂಡಿದ್ದು ಮೊಬೈಲಿನಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ನೀವು 30 ಪಿಕ್ಸೆಲ್ ಇಟ್ಟರೆ ಓದುವವರಿಗೆ 10ರಷ್ಟು ಕಾಣುತ್ತದೆ. ಮಾಮೂಲಿ ಸಾಲುಗಳಿಗೆ 48 ಇಡಿ, ಕವರ್ ಸಾಲಿಗೆ 80ರ ಮೇಲೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲಿನ ಅಂತರ 1.5ರಷ್ಟಿರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ನೋಟೋ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಬಳಸಿ. ಪಿಡಿಎಫ್ ಆದ ಮೇಲೆ ಒತ್ತಕ್ಷರಗಳು ಒಡೆದಿಲ್ಲ ತಾನೇ ಅಂತ ಮೊಬೈಲಿನಲ್ಲಿ ತೆರೆದು ಒಂದೊಂದು ಪದ ಓದಿ. ಬಣ್ಣ, ಹಿನ್ನೆಲೆ ಎಲ್ಲ ಸರಳವಾಗಿರಲಿ. ಪ್ರತಿ ಸ್ಲೈಡಿನಲ್ಲೂ ನಿಮ್ಮ ನಗುವ ಫೋಟೋ ಇದ್ದರೆ ಈ ಮಾತುಗಳಿಗೆ ಹೊಂದುವುದಿಲ್ಲ.

ಡಾಕ್ಯುಮೆಂಟನ್ನು ನೋಡುವವರು ಡೌನ್‌ಲೋಡ್ ಮಾಡಿಕೊಳ್ಳಬಹುದು. ಆದ್ದರಿಂದ ಪಿಡಿಎಫ್‌ನ ಪ್ರಾಪರ್ಟೀಸ್ ತೆರೆದು ಕ್ಲೈಂಟ್ ಹೆಸರೋ ಹಳೆಯ ಫೈಲಿನ ಹೆಸರೋ ಉಳಿದಿದೆಯಾ ನೋಡಿ. ಇನ್ನೊಂದು, ಪೋಸ್ಟ್ ಮಾಡಿದ ಮೇಲೆ ಜೊತೆಯ ಬರಹವನ್ನು ತಿದ್ದಬಹುದು, ಡಾಕ್ಯುಮೆಂಟ್ ಬದಲಾಯಿಸಲು ಬರುವುದಿಲ್ಲ. ಒಂದು ಅಂಕಿ ತಪ್ಪಿದರೂ ಇಡೀ ಪೋಸ್ಟ್ ಅಳಿಸಿ ಮತ್ತೆ ಹಾಕಬೇಕು. ಇನ್ಸ್ಟಾಗ್ರಾಮ್‌ಗೂ ಹಾಕುವುದಾದರೆ ಅದೇ ಪುಟಗಳನ್ನು ಚಿತ್ರಗಳಾಗಿ ಉಳಿಸಿಕೊಳ್ಳಿ.

ಹಾಕಿದ ಮೇಲೆ

ಜೊತೆಯ ಬರಹ ಮೂರು ನಾಲ್ಕು ಸಾಲು ಸಾಕು. ಸ್ಲೈಡಿನಲ್ಲಿ ಇರುವುದನ್ನೇ ಮತ್ತೆ ಹೇಳಬೇಡಿ. ನಾನು ಲೆಕ್ಕ ಹೇಗೆ ತೆಗೆದೆ, ಆ ಸಹೋದ್ಯೋಗಿ ಓದಿ ಒಪ್ಪಿದ್ದಾರೆ, ಅವರು ಬಿಟ್ಟಿದ್ದಕ್ಕೆ ಇದೇ ಕಾರಣ ಅಲ್ಲ, ಈ ಮೂರನ್ನು ಬರೆದೆ.

ಕಾಮೆಂಟ್‌ಗಳಲ್ಲಿ "ಎಂಥ ದೊಡ್ಡ ಮನಸ್ಸು" ಅನ್ನುವವರು ಬರುತ್ತಾರೆ. ಥ್ಯಾಂಕ್ಸ್ ಹೇಳಿ ಮುಂದೆ ಹೋಗಿ. ಸಮಯ ಕೊಡಬೇಕಾಗಿದ್ದು ವಿಷಯ ಕೇಳುವವರಿಗೆ. ನನಗೆ ಒಬ್ಬರು ಕೇಳಿದರು: "ನಿಮ್ಮ ಮೇಲಿನವರು ಕರೆದಾಗಲೂ ಮಂಗಳವಾರದ ಮೀಟಿಂಗ್ ಉಳಿಸಿಕೊಳ್ತೀರಾ?" ಎರಡು ಸಲ ಆಗಿರಲಿಲ್ಲ, ಆ 25ರಲ್ಲಿ ತಪ್ಪಿದ ಎರಡೂ ಅವೇ. ಹಾಗೆಯೇ ಉತ್ತರ ಬರೆದೆ.

ಕೊನೆಯ ಹೆಜ್ಜೆ ಯಾರಿಗೂ ಕಾಣುವುದಿಲ್ಲ. ಪೋಸ್ಟ್ ಹಾಕಿದ ದಿನವೇ ಮುಂದಿನ ಜೂನ್ 30ಕ್ಕೆ ಕ್ಯಾಲೆಂಡರಿನಲ್ಲಿ ಒಂದು ಗಂಟೆ ಹಿಡಿದಿಡಿ, ಅದೇ ಲೆಕ್ಕವನ್ನು ಮತ್ತೆ ತೆಗೆಯಲು. ನಾನು ಅದಕ್ಕೆ ಆ ಎರಡು ಸಾಲಿನ ಉತ್ತರವನ್ನೂ ಅಂಟಿಸಿಟ್ಟಿದ್ದೆ. ಜೂನ್‌ನಲ್ಲಿ ಎಣಿಸಿದಾಗ ಅರ್ಧ ವರ್ಷದ 65ರಲ್ಲಿ 58 ಆಗಿದ್ದವು. ತಪ್ಪಿದ 7ರಲ್ಲಿ 4 ಒಬ್ಬರದ್ದೇ, ಅವರೂ ಟೀಮಿನಲ್ಲಿ ಕಡಿಮೆ ಮಾತಾಡುವವರು. ಆ ಮಂಗಳವಾರ ಮೊದಲು ಅವರ ಜೊತೆ ಕೂತೆ.